ಮೂರನೆಯ ಪಿನ್ನು ಮತ್ತು ಹದಿನೈದು ದಿನದ ನೋಟಿಸು

ರವಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಆ ಬೇಸಿಗೆಯಲ್ಲಿ ಬೀದರಿನ ನಮ್ಮ ಚಿದ್ರಿ ಭಾಗಕ್ಕೆ ಹನ್ನೊಂದಕ್ಕೆ ಹೋದ ಕರೆಂಟು ಮೂರಕ್ಕೆ ಬರುತ್ತಿತ್ತು. ಅಂದು ಹತ್ತು ನಿಮಿಷ ತಡವಾಗಿ ಬಂತು. ಬಂದೊಡನೆ ನಾನು ಗೋಡೆಯ ಗಡಿಯಾರ ನೋಡಿದೆ, ಅತ್ತೆ, ಅಪ್ಪನ ಅಕ್ಕ, ಎದ್ದು ಕೊಡಪಾನ ಎತ್ತಿಕೊಂಡಳು. ಬೇಳೆ, ಅಕ್ಕಿ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ ಕೂಲರಿಗೆ ಹಾಕುವುದು ಅವಳ ಕೆಲಸ. ವಾರಕ್ಕೆ ಎರಡು ಸಲ ಟ್ಯಾಂಕರ್ ಬರುತ್ತಿದ್ದ ಕಾಲ ಅದು. ಒಳ್ಳೆಯ ನೀರನ್ನು ಕೂಲರಿಗೆ ಸುರಿಯಲು ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

ಬಲಗೈಯಲ್ಲಿ ಕೊಡಪಾನ ಓರೆ ಮಾಡಿ, ಎಡಗೈಯನ್ನು ಕೂಲರಿನ ತಗಡಿನ ಮೇಲೆ ಊರಿದಳು. ಮನೆಯೊಳಗೆ ಅವಳು ಎಂದೂ ಚಪ್ಪಲಿ ಹಾಕಿದವಳಲ್ಲ. ಕಾಲ ಕೆಳಗೆ ನೀರು ಚೆಲ್ಲಿತ್ತು. ಕೊಡಪಾನ ಬಿದ್ದ ಸದ್ದಿಗೆ ನಾನು ಉತ್ತರಪತ್ರಿಕೆಗಳಿಂದ ತಲೆ ಎತ್ತಿದೆ. ಅತ್ತೆಯ ಎಡಗೈ ತಗಡಿಗೆ ಅಂಟಿಕೊಂಡಿತ್ತು, ಬಾಯಿ ತೆರೆದಿತ್ತು, ಆದರೆ ದನಿ ಇರಲಿಲ್ಲ.

ನಾನು ವಿಜ್ಞಾನ ಓದಿದವಳು. ಭಾಲ್ಕಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಭೌತಶಾಸ್ತ್ರ ಹೇಳುತ್ತಿದ್ದೆ. ವಿದ್ಯುತ್ ಹಿಡಿದವರನ್ನು ಮುಟ್ಟಬಾರದು, ಮೊದಲು ಸ್ವಿಚ್ಚು ಆರಿಸಬೇಕು ಎಂದು ವರ್ಷಕ್ಕೊಂದು ಸಲವಾದರೂ ಹೇಳುವವಳು. ಆ ಕ್ಷಣದಲ್ಲಿ ಅದೆಲ್ಲ ತಲೆಯಲ್ಲಿ ಇತ್ತು, ಕಾಲಿಗೆ ಇಳಿಯಲಿಲ್ಲ. ನಾನು ನಿಂತೆ. ಎಷ್ಟು ಹೊತ್ತು ನಿಂತೆ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಎರಡು ಸೆಕೆಂಡು ಇದ್ದೀತು, ಐದು ಇದ್ದೀತು. ಆಮೇಲೆ ಹೋಗಿ ವೈರು ಹಿಡಿದು ಗೋಡೆಯಿಂದ ಕಿತ್ತೆ. ಅತ್ತೆ ಬಿದ್ದಳು.

ಬದುಕಿದಳು. ಓಣಿಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು ಅವಳನ್ನು ಆಟೊಕ್ಕೆ ಹತ್ತಿಸಿದೆವು. ಗಂಡಸರು ಇರಲಿಲ್ಲ. ಅದು ಬರದ ಎರಡನೆಯ ವರ್ಷ. ಯಾರೋ ಹೈದರಾಬಾದಿಗೆ, ಯಾರೋ ಪುಣೆಗೆ ದುಡಿಯಲು ಹೋಗಿದ್ದರು. ನನ್ನ ಅಣ್ಣ ಅತ್ತಿಗೆ ಕೂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದರು. ದವಾಖಾನೆಯಲ್ಲಿ ಇಸಿಜಿ ತೆಗೆದರು, ಒಂದು ರಾತ್ರಿ ಇರಿಸಿಕೊಂಡರು. ಎಡಗೈಯ ಎರಡು ಬೆರಳು, ಅಂಗೈಯ ತುದಿ ಸುಟ್ಟಿದ್ದವು. ಕೇಸ್ ಪೇಪರಿನಲ್ಲಿ ವಿದ್ಯುತ್ ಆಘಾತ ಎಂದು ಬರೆದು ಕೊಟ್ಟರು.

ಮರುದಿನ ಮನೆಗೆ ಬಂದ ಮೇಲೆ ಅತ್ತೆ ಸ್ನಾನ ಮಾಡಿ ಪೂಜೆಗೆ ಕೂತಳು. ಎಡಗೈಗೆ ಪಟ್ಟಿ ಕಟ್ಟಿತ್ತು. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಳ್ಳಲಾಗದೆ ಎದುರಿಗೆ ಬಟ್ಟೆ ಹಾಸಿ ಅದರ ಮೇಲಿಟ್ಟುಕೊಂಡು ನೋಡುತ್ತ ಕೂತಳು. ನಾನು ಅಡುಗೆ ಮಾಡುವ ನೆವದಿಂದ ಒಳಗೆ ಹೋದೆ. ಮೂರನೆಯ ದಿನ ಅವಳು ಔರಾದಿನಲ್ಲಿರುವ ತನ್ನ ಚಿಕ್ಕಮ್ಮನ ಮಗಳ ಮನೆಗೆ ಹೋಗುತ್ತೇನೆ ಎಂದಳು. ಬಸ್ಸಿಗೆ ಕೂಡಿಸಿ ಬಂದೆ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳು ಹೋದ ಮೇಲೆ ಆ ಕೋಣೆಯಲ್ಲಿ ನಾನೊಬ್ಬಳೇ ಉಳಿದೆ.

ಕೂಲರು ನಾನು ಆರ್ಡರು ಕೊಟ್ಟು ಮಾಡಿಸಿದ್ದು. ಭಾಲ್ಕಿಯ ಬಜಾರಿನಲ್ಲಿ ಅಂಥ ಅಂಗಡಿಗಳಿವೆ. ಅಳತೆ ಹೇಳಿದರೆ ತಗಡಿನ ಡಬ್ಬಿ ಬಡಿದು, ಫ್ಯಾನು, ಪಂಪು ಕೂಡಿಸಿ ಟೆಂಪೋದಲ್ಲಿ ಮನೆಗೆ ಕಳಿಸುತ್ತಾರೆ. ಬಿಲ್ಲಿನಲ್ಲಿ ‘ಕೂಲರ್ ಒಂದು, ಮನೆಯಲ್ಲಿ ಫಿಟ್ಟಿಂಗ್ ಸಹಿತ, ಒಂದು ವರ್ಷ ಗ್ಯಾರಂಟಿ’ ಎಂದು ಬರೆದಿತ್ತು. ಘಟನೆಯ ನಂತರ ಫೋನು ಮಾಡಿದೆ. ಅಂಗಡಿಯವನು ಮಾತಿನಲ್ಲಿ ಒಳ್ಳೆಯವನು. ಅಯ್ಯೋ ಎಂದ, ಮುದುಕಿಯನ್ನು ವಿಚಾರಿಸಿದ, ಟೆಂಪೋ ಕಳಿಸಿ ಕೂಲರು ಒಯ್ಯಿಸಿದ. ಬೇರೆ ಮಾಡಿಕೊಡುತ್ತೇನೆ ಅಂದ. ಒಯ್ಯಲು ಬಂದವನಿಂದ ‘ರಿಪೇರಿಗೆ ಪಡೆದಿದೆ’ ಎಂದು ದಿನಾಂಕ ಹಾಕಿಸಿ ಒಂದು ಚೀಟಿ ಬರೆಸಿಕೊಂಡೆ. ಆ ಒಂದು ಬುದ್ಧಿ ಇತ್ತು ನನಗೆ.

ಎರಡು ತಿಂಗಳಾಯಿತು. ಕಾಲೇಜು ಬಿಟ್ಟ ಮೇಲೆ ವಾರಕ್ಕೊಮ್ಮೆ ಅಂಗಡಿಗೆ ಹೋಗುತ್ತಿದ್ದೆ. ಮೊದಲು ಮೋಟಾರು ಬಂದಿಲ್ಲ ಅಂದ. ಆಮೇಲೆ ಕೆಲಸಗಾರರು ಊರು ಬಿಟ್ಟಿದ್ದಾರೆ ಅಂದ. ಅದು ನಿಜವೂ ಇದ್ದೀತು. ಕಡೆಗೆ, ಕೂಲರಿನಲ್ಲಿ ದೋಷವೇ ಇಲ್ಲ, ನಿಮ್ಮ ಮನೆಯ ಅರ್ಥಿಂಗ್ ಸರಿಯಿಲ್ಲ ಅಂದ. ನಾನು ಚೀಲ ಎತ್ತಿಕೊಂಡು ಸ್ಟೇಶನ್ನಿಗೆ ಬಂದೆ.

ಉತ್ತರ ಇರಲಿಲ್ಲ ಅಂತಲ್ಲ. ಅರ್ಥಿಂಗ್ ಎಂಬ ಶಬ್ದ ಕೇಳಿದೊಡನೆ ನನ್ನ ಬಾಯಿ ಕಟ್ಟುತ್ತಿತ್ತು. ಅದರ ಕಾರಣ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ.

ನಮ್ಮ ಕಡೆ ಹಳೆಯ ಮನೆಗಳ ಬೋರ್ಡಿನಲ್ಲಿ ಎರಡೇ ತೂತು. ಹೊಸ ಸಾಮಾನಿನ ಪ್ಲಗ್ಗಿಗೆ ಮೂರು ಪಿನ್ನು. ಆ ದಪ್ಪನೆಯ ಮೂರನೆಯದು ನೆಲಕ್ಕೆ ಸೇರುವ ತಂತಿಯದು. ಒಳಗೆಲ್ಲೋ ತಂತಿ ಸವೆದು ತಗಡಿಗೆ ತಾಗಿದರೆ, ವಿದ್ಯುತ್ತು ಆ ದಾರಿಯಲ್ಲಿ ಇಳಿದುಹೋಗಿ ಫ್ಯೂಜು ಹಾರುತ್ತದೆ. ಆ ದಾರಿ ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಆದರೆ ಓಣಿಯಲ್ಲಿ ಎಲ್ಲರೂ ಮಾಡುವುದು ಒಂದೇ: ಮೂರನೆಯ ಪಿನ್ನನ್ನು ತಿರುಗಿಸಿ ತೆಗೆದುಬಿಡುವುದು. ಉಳಿದ ಎರಡು ಬೋರ್ಡಿನ ತೂತಿಗೆ ಸರಿಯಾಗಿ ಕೂಡುತ್ತವೆ. ಮಿಕ್ಸರ್, ಇಸ್ತ್ರಿ, ಕೂಲರ್, ಎಲ್ಲಕ್ಕೂ ಹಾಗೆಯೇ. ಮುಟ್ಟಿದರೆ ಜುಂ ಅನ್ನುತ್ತದಲ್ಲ ಎಂದರೆ, ಎಲ್ಲ ಕೂಲರೂ ಜುಂ ಅಂತಾವ ಬಿಡ್ರಿ ಎಂದು ಕೆಳಗಿನ ಮನೆಯಾಕೆ ನಗುತ್ತಿದ್ದಳು.

ಕೂಲರು ಕೂಡಿಸಲು ಬಂದ ಫಿಟ್ಟರ್ ಬೋರ್ಡು ನೋಡಿ, ಇಕ್ಕಳ ಕೈಯಲ್ಲಿ ಹಿಡಿದು ನನ್ನನ್ನು ಕೇಳಿದ್ದ:

“ಪಿನ್ ತೆಗೀಲೇನ್ರಿ ಅಕ್ಕೋರೆ?”

ನಾನು ಭೌತಶಾಸ್ತ್ರದ ಉಪನ್ಯಾಸಕಿ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಬೋರ್ಡು ಬದಲಿಸಬೇಕೆಂದರೆ ಮನೆಯ ಮಾಲೀಕನನ್ನು ಕೇಳಬೇಕು, ಇನ್ನೊಂದು ವಾರ ಹೋಗುತ್ತದೆ.

“ತೆಗೀರಿ,” ಅಂದೆ.

ಆ ಎರಡು ತಿಂಗಳು ನಿದ್ದೆಯಲ್ಲಿ, ಭಾಲ್ಕಿಯ ರೈಲಿನಲ್ಲಿ, ತರಗತಿಯ ಹಲಗೆಯ ಮುಂದೆ ನಿಂತಾಗ ನನಗೆ ಕಾಣುತ್ತಿದ್ದುದು ಎರಡೇ: ಅಂಟಿದ ಕೈ, ಮತ್ತು ತೆಗೀರಿ ಅಂದ ನನ್ನ ದನಿ. ಮಲಗಿದರೆ ಒಂದು ತಾಸಿಗೆ ಎಚ್ಚರ. ಎದ್ದು ಕೈಯಿಂದ ತಡವಿ ಬೋರ್ಡಿನಲ್ಲಿ ಏನೂ ಚುಚ್ಚಿಲ್ಲವೆಂದು ನೋಡಿಕೊಂಡು ಮತ್ತೆ ಮಲಗುವುದು. ಅತ್ತೆಗೆ ಫೋನು ಮಾಡಿದರೆ ಊಟ ಆಯಿತೇ ಎಂದು ಕೇಳುತ್ತಿದ್ದಳು. ಯಾವಾಗ ಬರುತ್ತೀ ಎಂದು ಕೇಳಿದರೆ, ನೋಡೋಣ ಅನ್ನುತ್ತಿದ್ದಳು.

ಗ್ರಾಹಕರ ವೇದಿಕೆಗೆ ಹೋಗಬೇಕು ಎಂದು ನಿಶ್ಚಯಿಸಿದ್ದು ಆಮೇಲೆ. ಬೀದರಿನ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಕೂರುವ ಒಬ್ಬ ಟೈಪಿಸ್ಟ್ ಇದ್ದರು. ಮೂವತ್ತು ವರ್ಷದಿಂದ ಅರ್ಜಿ, ನೋಟಿಸು ಬೆರಳಚ್ಚು ಮಾಡಿ ಪಳಗಿದವರು. ಅವರಿಂದ ತಿಳಿದುಕೊಂಡೆ. ಮೊದಲು ನೋಟಿಸು ಕೊಡಲೇಬೇಕೆಂದು ಕಾಯಿದೆಯಲ್ಲಿ ಇಲ್ಲ. ಆದರೆ ಎಲ್ಲರೂ ಕೊಡುತ್ತಾರೆ. ಮಾರಿದವನಿಗೆ ಸರಿಪಡಿಸಲು ಒಂದು ಅವಕಾಶ ಕೊಟ್ಟಿದ್ದೆವು ಎಂದು ವೇದಿಕೆಗೆ ತೋರಿಸಲು ಬರುತ್ತದೆ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ವಕೀಲರೇ ಬರೆಯಬೇಕೆಂದಿಲ್ಲ, ಬಿಳಿ ಹಾಳೆ ಸಾಕು. ಏನು ಕೊಂಡೆವು, ಯಾವಾಗ, ಬಿಲ್ಲಿನ ಸಂಖ್ಯೆ ಏನು, ಏನಾಯಿತು, ಎಷ್ಟು ಸಲ ಕೇಳಿದೆವು, ಈಗ ಏನು ಬೇಕು, ಎಷ್ಟು ದಿನದೊಳಗೆ, ಕೊಡದಿದ್ದರೆ ಏನು ಮಾಡುತ್ತೇವೆ. ಬಿಲ್ಲಿನ ನಕಲು ಲಗತ್ತಿಸಿ, ಅಸಲು ನಮ್ಮ ಹತ್ತಿರ ಇಟ್ಟುಕೊಂಡು, ಸ್ವೀಕೃತಿ ಕಾರ್ಡು ಸಹಿತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು. ಹದಿನೈದು ದಿನ ಕಾದು ದೂರು ಕೊಡಬಹುದು. ಘಟನೆಯಿಂದ ಎರಡು ವರ್ಷದೊಳಗೆ ಕೊಟ್ಟರಾಯಿತು.

ಅತ್ತೆಯ ವಿಚಾರವನ್ನೂ ಅವರೇ ಹೇಳಿದರು. ಕೊಂಡವರು ಮಾತ್ರವಲ್ಲ, ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಪೆಟ್ಟು ಬಿದ್ದದ್ದು ಅವರಿಗೆ, ಅವರ ಹೆಬ್ಬೆಟ್ಟೂ ಇರಲಿ ಅಂದರು.

ನಾನು ಬರೆದುಕೊಂಡು ಹೋದ ಕರಡು ಓದಿ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. ಗ್ರಾಹಕಿಯ ಒಪ್ಪಿಗೆ ಪಡೆದು ಫಿಟ್ಟರ್ ಮೂರನೆಯ ಪಿನ್ನು ತೆಗೆದ ಎಂಬ ಸಾಲು.

“ಇದು ಬ್ಯಾಡ್ರಿ ಅಕ್ಕೋರೆ. ನಿಮ್ಮ ಕೈಲೇ ನಿಮ್ಮ ಕೊರಳಿಗಿ ಹಗ್ಗ. ಪಿನ್ನಿನ ಮಾತ ಎತ್ತಬ್ಯಾಡ್ರಿ. ಅಂವ ಎತ್ತಿದ್ರ ಆಗ ನೋಡೋಣ.”

ನನಗೆ ಹಾಯೆನಿಸಿತು. ಇದನ್ನು ಬೇರೆಯವರು ಹೇಳಲಿ ಎಂದೇ ಕಾಯುತ್ತಿದ್ದೆನೇನೋ. ಆ ಸಾಲಿಲ್ಲದೆ ಬೆರಳಚ್ಚಾದ ಮೂರು ಪ್ರತಿ ತೆಗೆದುಕೊಂಡು ಮರುದಿನ ಔರಾದಿಗೆ ಹೋದೆ.

ಔರಾದಿಗೆ ರೈಲಿಲ್ಲ. ಬೀದರಿನಿಂದ ಬಸ್ಸಿನಲ್ಲಿ ಹೋಗುವಾಗ ಎರಡೂ ಕಡೆ ಕಪ್ಪು ಹೊಲ ಬಾಯಿ ಬಿಟ್ಟುಕೊಂಡಿತ್ತು. ಸ್ಟ್ಯಾಂಡಿನಲ್ಲಿ ಗಂಟು, ಕೊಡ, ಸ್ಟೋವು ಇಟ್ಟುಕೊಂಡು ಸಂಸಾರಗಳು ಕೂತಿದ್ದವು. ಒಬ್ಬಾಕೆ ಮನೆಯ ಬೀಗದ ಕೈಯನ್ನು ತಾಳಿಗೆ ಪೋಣಿಸಿಕೊಂಡಿದ್ದಳು. ನಾನು ಚೀಲದಲ್ಲಿನ ಕಾಗದದ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ.

ಅತ್ತೆ ಬಾಗಿಲ ಬಳಿ ಮೆಂತೆ ಸೊಪ್ಪು ಸೋಸುತ್ತಿದ್ದಳು. ಗಾಯ ಮಾಗಿ ಎರಡು ಬೆರಳಿನ ಮೇಲೆ ಹೊಸ ಚರ್ಮ ಬಂದಿತ್ತು, ಗುಲಾಬಿ ಬಣ್ಣದ್ದು. ಚಹಾ ಆದ ಮೇಲೆ, ವೇದಿಕೆಗೆ ಹೋಗುವ ಮುಂಚೆ ಅಂಗಡಿಯವನಿಗೆ ಕಳಿಸುವ ನೋಟಿಸು ಇದು, ನಿನ್ನ ಹೆಬ್ಬೆಟ್ಟು ಬೇಕು ಅಂದೆ. ಅವಳು ಓದು ಅಂದಳು. ಓದಿದೆ. ಸೊಪ್ಪು ಸೋಸುತ್ತಲೇ ಪೂರ್ತಿ ಕೇಳಿದಳು.

“ಪಿನ್ನಿಂದು ಎಲ್ಲಿ?”

ನಾನು ಯಾವ ಪಿನ್ನು ಅಂದೆ.

“ಅಂವ ತೆಗೀಲೇನ್ರಿ ಅಂದ, ನೀ ತೆಗೀರಿ ಅಂದಿ. ನಾ ಬಾಗಲದಾಗ ಕುಂತಿದ್ದೆ. ಕರೆಂಟ್ ನನ್ನ ಕೈಗಿ ಹೊಡ್ದದ, ಕಿವಿಗಿ ಹೊಡ್ದಿಲ್ಲ.”

ಎರಡು ತಿಂಗಳು ಅವಳಿಗೆ ಅದು ಗೊತ್ತಿತ್ತು. ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ನಿನ್ನ ತಪ್ಪಿಲ್ಲ ಅನ್ನಲೂ ಇಲ್ಲ. ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿದಳು.

“ನಿಂದೂ ತಪ್ಪದ, ಅವಂದೂ ತಪ್ಪದ. ಎರಡೂ ಬರಿ. ಅರ್ಧ ಬರ್ದಿದ್ದಕ ನನ್ನ ಹೆಬ್ಬಟ್ಟ ಕೇಳಬ್ಯಾಡ.”

“ಅದಕ್ಕೇ ನೀ ಬರವಲ್ಲೀ ಏನ್ ಅತ್ತಿ? ನನ್ನ ಮ್ಯಾಲಿನ ಸಿಟ್ಟಿಗಿ?”

“ಸಿಟ್ಟ ಯಾಕ? ಆ ಗ್ವಾಡಿ ಮ್ಯಾಲ ಎರಡ ತೂತಿನ ಬೋರ್ಡ ಹಾಂಗೇ ಅದನೋ, ಬದಲಿ ಮಾಡ್ಸಿದಿಯೋ?”

ಮಾಡಿಸಿರಲಿಲ್ಲ. ಎರಡು ತಿಂಗಳು ರಾತ್ರಿ ಎದ್ದು ಆ ಬೋರ್ಡನ್ನು ತಡವಿದ್ದೆ, ಬದಲಿಸಬೇಕೆಂದು ಹೊಳೆದಿರಲಿಲ್ಲ. ಅತ್ತೆ ನನ್ನ ಮುಖ ನೋಡಿದಳು.

“ಮತ್ತ ನಾ ಹ್ಯಾಂಗ ಬರ್ಲಿ?” ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿಯೇ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಹೊಸದಾಗಿ ಬರೆದೆ. ಟೈಪಿಸ್ಟರ ಭಾಷೆ ಬಿಟ್ಟೆ. ಆ ಸಾಲುಗಳು ಈಗಲೂ ಬಾಯಿಗೆ ಬರುತ್ತವೆ: “ನಮ್ಮ ಮನೆಯ ಬೋರ್ಡಿಗೆ ಅರ್ಥಿಂಗ್ ಇರಲಿಲ್ಲ. ತಮ್ಮ ಫಿಟ್ಟರ್ ಅದನ್ನು ನೋಡಿ ಮೂರನೆಯ ಪಿನ್ನು ತೆಗೆಯಲೇ ಎಂದು ಕೇಳಿದಾಗ ನಾನು ತೆಗೆಯಿರಿ ಎಂದೆ. ಇದು ನನ್ನ ತಪ್ಪು. ಅರ್ಥಿಂಗ್ ಇಲ್ಲದ ಕಡೆ ತಗಡಿನ ಕೂಲರನ್ನು ಕೂಡಿಸಬಾರದು ಎಂದು ತಿಳಿದಿರಬೇಕಾದ ತಮ್ಮ ಕೆಲಸಗಾರ ಪಿನ್ನು ತೆಗೆದು, ಚಾಲೂ ಮಾಡಿ ಹೋದದ್ದು ತಮ್ಮ ಸೇವೆಯ ನ್ಯೂನತೆ. ಕೂಲರಿನ ಒಳಗಿನಿಂದ ತಗಡಿಗೆ ವಿದ್ಯುತ್ತು ಬಂದದ್ದು ತಮ್ಮ ಸರಕಿನ ದೋಷ.” ಬೇಡಿಕೆ ಮೂರು ಇಟ್ಟೆ. ಕೂಲರನ್ನು ನಮ್ಮ ಎದುರು ಬಿಚ್ಚಿ ದೋಷವೇನೆಂದು ಬರೆದು ಕೊಡಬೇಕು. ಕೊಂಡ ಬೆಲೆ ಮತ್ತು ದವಾಖಾನೆಯ ಖರ್ಚು ಹಿಂತಿರುಗಿಸಬೇಕು. ಹೀಗೆ ಪಿನ್ನು ತೆಗೆದು ಕೂಡಿಸಿದ ಬೇರೆ ಮನೆಗಳಿಗೆ ಎಚ್ಚರಿಕೆ ಹೇಳಬೇಕು. ನೋಟಿಸು ತಲುಪಿದ ಹದಿನೈದು ದಿನದೊಳಗೆ ಆಗದಿದ್ದರೆ ಬೀದರ ಜಿಲ್ಲಾ ಗ್ರಾಹಕರ ವೇದಿಕೆಯಲ್ಲಿ ದೂರು ದಾಖಲಿಸುವೆವು.

ಟೈಪಿಸ್ಟ್ ಓದಿ ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. ನಿಮ್ಮ ಇಷ್ಟ ಅಂದರು. ಬೆರಳಚ್ಚು ಮಾಡುವಾಗ ‘ಇದು ನನ್ನ ತಪ್ಪು’ ಎಂಬಲ್ಲಿ ಒಂದು ಕ್ಷಣ ಕೈ ನಿಲ್ಲಿಸಿ, ಇರಲೇ ಎಂದು ಮತ್ತೊಮ್ಮೆ ಕೇಳಿದರು. ಇರಲಿ ಅಂದೆ. ಮತ್ತೆ ಔರಾದಿಗೆ ಹೋಗಿ ಬಂದೆ. ಈ ಸಲ ಅತ್ತೆ ಕೇಳಿ, ಹೂಂ ಎಂದು, ಶಾಯಿ ಹಚ್ಚಿದ ಎಡಗೈಯ ಹೆಬ್ಬೆರಳನ್ನು ಒತ್ತಿದಳು.

ಅಂಚೆ ಕಚೇರಿಯ ಕಿಟಕಿಯಲ್ಲಿ ರಸೀದಿ ತೆಗೆದುಕೊಂಡ ಮೇಲೆ ಕಾಯುವುದು ಉಳಿಯಿತು. ಆ ದಿನಗಳಲ್ಲಿ ನಾನು ಮಾಡಿದ ಒಳ್ಳೆಯ ಕೆಲಸವೆಂದರೆ ಮಾಲೀಕನಿಗೆ ಹೇಳಿ, ಎಲೆಕ್ಟ್ರಿಶಿಯನ್ನನ್ನು ಕರೆಸಿ, ಹಿತ್ತಲಿನಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ, ಅರ್ಥಿಂಗ್ ತಂತಿ ಎಳೆಸಿ ಮೂರು ತೂತಿನ ಬೋರ್ಡು ಕೂಡಿಸಿದ್ದು. ಅರ್ಧ ದಿನದ ಕೆಲಸ. ಗುಂಡಿಗೆ ನೀರು ಸುರಿಯಬೇಕು ಎಂದು ಅವನು ಕೇಳಿದಾಗ ಟ್ಯಾಂಕರಿನ ಎರಡು ಕೊಡ ಕೊಟ್ಟೆ. ನಿದ್ದೆ ಮಾತ್ರ ಬರಲಿಲ್ಲ. ಆರನೆಯ ದಿನ ಅಂಗಡಿಯವನ ಸಹಿ ಇದ್ದ ಸ್ವೀಕೃತಿ ಕಾರ್ಡು ಬಂತು. ಅದರ ನಂತರ ಏನೂ ಇಲ್ಲ. ಕಾಲೇಜಿನಿಂದ ಸ್ಟೇಶನ್ನಿಗೆ ಹೋಗುವಾಗ ಅವನ ಅಂಗಡಿಯ ಬೀದಿ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದೆ. ಒಪ್ಪಿಕೊಂಡದ್ದನ್ನು ಇಟ್ಟುಕೊಂಡು ಅವನು ಏನೇನು ಮಾಡಬಹುದು ಎಂದು ಲೆಕ್ಕ ಹಾಕುವುದು, ನಡುನಡುವೆ ಆ ಕೈ ಕಾಣುವುದು. ಹೇಳಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಅಣ್ಣನಿಗೆ ಫೋನಿನಲ್ಲಿ ಹೇಳಿದರೆ ಅವನ ಕಡೆಯ ಸಿಮೆಂಟು ಯಂತ್ರದ ಗದ್ದಲದಲ್ಲಿ ಅರ್ಧ ಕೇಳುತ್ತಿರಲಿಲ್ಲ.

ಕಾರ್ಡಿಗೆ ಸಹಿ ಹಾಕಿದ ಹನ್ನೆರಡನೆಯ ದಿನ, ಒಂದು ಶನಿವಾರ ಸಂಜೆ, ಅಂಗಡಿಯವನೇ ಟೆಂಪೋದಲ್ಲಿ ಕೂಲರು ಹಾಕಿಕೊಂಡು ಚಿದ್ರಿಗೆ ಬಂದ. ಕೈಯಲ್ಲಿ ನನ್ನ ನೋಟಿಸು, ಮಡಿಕೆಯ ಗೆರೆ ಸವೆದಿತ್ತು. ಕೂತುಕೊಳ್ಳಿ ಅಂದರೆ ಕೂರಲಿಲ್ಲ.

“ಅಕ್ಕೋರೆ, ಇದೇನ್ ಬರ್ದೀರಿ? ನಿಮ್ಮ ತಪ್ಪ ನೀವೇ ಬರ್ಕೊಂಡೀರಿ.”

“ಹೌದ್ರಿ.”

“ಪಿನ್ ತೆಗ್ಸಿದ್ದು ಅವರೇ, ನಮಗ ಸಂಬಂಧ ಇಲ್ಲ ಅಂತ ಜವಾಬ್ ಕೊಡೋಣ ಅಂತಿದ್ದೆ. ವಕೀಲ್ರು ಮೊದಲ ಓದಿ ನಕ್ಕರು. ಎರಡನೇ ಸಲ ಓದಿ, ಆಕಿ ಅಂದಿದ್ದು ಆಕಿ ಬರ್ದಾಳ, ನಿನ್ನ ಫಿಟ್ಟರ್ ತೆಗೀಲೇನ್ರಿ ಅಂತ ಕೇಳಿಲ್ಲ ಅಂತ ನೀ ಹ್ಯಾಂಗ ಅಂತಿ ಅಂದ್ರು. ಬಿಲ್ಲಿನ್ಯಾಗ ಫಿಟ್ಟಿಂಗ್ ಸಹಿತ ಅಂತ ನಾನೇ ಬರ್ದೀನಿ.”

ಪಿನ್ನಿನ ಮಾತನ್ನು ನಾನು ಬಿಟ್ಟಿದ್ದರೆ ಪಿನ್ನು ತೆಗೆಸಿದ್ದು ಅವರೇ ಎಂಬ ಒಂದೇ ಮಾತು ಅವನಿಗೆ ಸಾಕಿತ್ತು, ಮುಚ್ಚಿಟ್ಟವಳು ನಾನಾಗುತ್ತಿದ್ದೆ. ಅದು ನನಗೆ ಆಗಲೇ ಹೊಳೆಯಲಿಲ್ಲ. ಅವನು ಅಂಗಳದಲ್ಲಿ ಕೂಲರಿಟ್ಟು, ಸ್ಕ್ರೂ ಬಿಚ್ಚಿ, ಹಿಂದಿನ ತಗಡು ತೆಗೆದು ನನ್ನನ್ನು ಕರೆದ. ಪಂಪಿಗೆ ಹೋಗುವ ವೈರು ಒಂದು ಕಡೆ ಹರಿತವಾದ ತಗಡಿನ ಅಂಚಿನ ಮೇಲೆ ಹಾದುಹೋಗಿತ್ತು. ಫ್ಯಾನಿನ ನಡುಕಕ್ಕೆ ಉಜ್ಜಿ ಉಜ್ಜಿ ಪ್ಲಾಸ್ಟಿಕ್ಕು ಸವೆದು, ಕಡಲೆಯಷ್ಟು ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು.

“ಇಲ್ಲಿ ಒಂದು ರಬ್ಬರ್ ರಿಂಗ್ ಹಾಕ್ಬೇಕಿತ್ತು. ಹಾಕಿಲ್ಲ. ಕೂಲರ್ ಅಂಗಡಿಗಿ ವಾಪಸ್ ಬಂದ ದಿನಾನೇ ನೋಡಿದ್ದೆ,” ಅಂದ. ತಗಡು ಕೆಳಗಿಟ್ಟು, “ಮುದುಕಿ ಹ್ಯಾಂಗದಾರ?” ಅಂದ.

ನಾನು ಬೈಯಬೇಕಿತ್ತು. ಎರಡು ತಿಂಗಳು ಗೊತ್ತಿದ್ದೂ ಸುಮ್ಮನಿದ್ದವನು. ಆದರೆ ಸುಮ್ಮನಿದ್ದವಳು ನಾನೂ ಒಬ್ಬಳಲ್ಲವೇ. ಬರೆದು ಕೊಡಿ ಅಂದೆ. ಕಟ್ಟೆಯ ಮೇಲೆ ಕೂತು ಬಿಲ್ಲಿನ ಪುಸ್ತಕದ ಹಾಳೆಯಲ್ಲೇ ಬರೆದ: ವೈರು ತಗಡಿಗೆ ತಾಗಿ ಕೂಲರಿನ ಮೈಗೆ ಕರೆಂಟು ಬಂದಿತ್ತು, ಪಿನ್ನು ತೆಗೆದದ್ದು ನಮ್ಮ ಫಿಟ್ಟರ್. ಸಹಿ, ಅಂಗಡಿಯ ಮುದ್ರೆ. ಹಣ ಹಿಂತಿರುಗಿಸಿದ, ನಾನು ಪಡೆದದ್ದಕ್ಕೆ ಬರೆದು ಕೊಟ್ಟೆ. ಮೂರನೆಯ ಬೇಡಿಕೆಗೆ ಮಾತ್ರ ಎಷ್ಟು ಮನಿ ಅಂತ ತಿರಗ್ಲಿ ಎಂದು ಗೊಣಗಿದ. ಆಮೇಲೆ ನಮ್ಮ ಓಣಿಯ ನಾಲ್ಕು ಮನೆಗಳಿಗೆ ಮಾತ್ರ ಫಿಟ್ಟರನ್ನು ಕಳಿಸಿ ಹೇಳಿಸಿದ. ಉಳಿದ ಮನೆಗಳಿಗೆ ನಾನು ಹೋಗಿ ಹೇಳಿದೆ. ಕೆಲವರು ಕೇಳಿದರು, ಕೆಲವರು ನಕ್ಕರು.

ವೇದಿಕೆಗೆ ಹೋಗುವ ಪ್ರಸಂಗ ಬರಲಿಲ್ಲ. ಅವನು ಬರೆದ ಹಾಳೆ ತೆಗೆದುಕೊಂಡು ರವಿವಾರ ಔರಾದಿಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಬೋರ್ಡು ಬದಲಾಯಿತು ಅಂದೆ. ಅವಳು ಎದ್ದು ಚೀಲಕ್ಕೆ ಎರಡು ಸೀರೆ ತುಂಬಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಯಾರ ಹೊಲ ಯಾರದೆಂದು ಹೇಳುತ್ತ ಬಂದಳು. ಮನೆಗೆ ಬಂದೊಡನೆ ಬೋರ್ಡಿನ ಮುಂದೆ ನಿಂತು ತೂತು ಎಣಿಸಿದಳು. ಮುಟ್ಟಲಿಲ್ಲ. ಇಂದಿಗೂ ಅವಳು ಯಾವ ಸ್ವಿಚ್ಚನ್ನೂ ಮುಟ್ಟುವುದಿಲ್ಲ, ನಾನೇ ಹಾಕಬೇಕು.

ಮೊದಲ ಎರಡು ರಾತ್ರಿ ನನಗೆ ಎಚ್ಚರವಾಯಿತು. ಪಕ್ಕದಲ್ಲಿ ಅವಳ ಉಸಿರು ಕೇಳುತ್ತ ಮಲಗಿದ್ದೆ. ಬುಧವಾರ ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲಿತ್ತು. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಭಾಲ್ಕಿಯ ರೈಲು ಹೋಗಿ ಅರ್ಧ ತಾಸಾಗಿತ್ತು. ಎಬ್ಬಿಸಬಾರದಿತ್ತೇ ಎಂದು ಕೇಳಿದೆ. ಎರಡು ಸಲ ಕರೆದೆ, ನೀನು ಏಳಲಿಲ್ಲ ಅಂದಳು.